ಡಫಿ ರಕ್ತಗುಂಪು ಮತ್ತು ನ್ಯೂಟ್ರೋಫಿಲ್ ಎಣಿಕೆ

ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ನ್ಯೂಟ್ರೋಫಿಲ್‌ಗಳದು. ಗಾಯಕ್ಕೆ ಬ್ಯಾಕ್ಟೀರಿಯಾ ಹೊಕ್ಕರೆ ಮೊದಲು ಅಲ್ಲಿಗೆ ತಲುಪುವ ಕಣ ಇದೇ. ಹುಣ್ಣಿನಲ್ಲಿ ಕಾಣುವ ಕೀವಿನ ಬಹುಪಾಲು ಹೀಗೆ ಬಂದು ಸತ್ತ ನ್ಯೂಟ್ರೋಫಿಲ್‌ಗಳೇ. ಇವು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಕೆಲವೇ ಗಂಟೆಗಳ ಕಾಲ ರಕ್ತದಲ್ಲಿ ಸುತ್ತಿ, ಅಂಗಾಂಶಗಳಿಗೆ ಇಳಿದುಹೋಗುತ್ತವೆ. ಇವುಗಳ ಎಣಿಕೆ ತೀರಾ ಕುಸಿದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಹಾಗಾಗಿ ರಕ್ತಪರೀಕ್ಷೆಯ ವರದಿಯಲ್ಲಿ ನ್ಯೂಟ್ರೋಫಿಲ್ ಸಾಲಿನ ಮುಂದೆ ಕಡಿಮೆ ಎಂಬ ಗುರುತು ಬಿದ್ದಾಗ ರೋಗಿಯೂ ವೈದ್ಯರೂ ಗಾಬರಿಯಾಗುವುದು ಸಹಜ. ಆದರೆ ಜಗತ್ತಿನ ಕೆಲವು ಜನಸಮುದಾಯಗಳಲ್ಲಿ ಈ ಕಡಿಮೆ ಎಣಿಕೆ ಹುಟ್ಟಿನಿಂದ ಬಂದದ್ದು; ಅದು ರೋಗವಲ್ಲ, ರೋಗದ ಮುನ್ಸೂಚನೆಯೂ ಅಲ್ಲ. ಅದರ ಕಾರಣ ಈಗ ಸ್ಪಷ್ಟವಾಗಿ ಗೊತ್ತಿದೆ: ಡಫಿ ಎಂಬ ರಕ್ತಗುಂಪು.

ಮೊದಲು ಎಣಿಕೆ ಹೇಗೆ ಸಿಗುತ್ತದೆ ಎಂಬುದನ್ನು ನೋಡಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಯಾವುದೇ ಲ್ಯಾಬಿನಲ್ಲಿ ಟಿ.ಸಿ., ಡಿ.ಸಿ. ಎಂದು ಬರೆದುಕೊಟ್ಟರೆ ಎರಡು ಅಂಶಗಳು ಬರುತ್ತವೆ. ಟಿ.ಸಿ. ಎಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಒಟ್ಟು ಬಿಳಿ ರಕ್ತಕಣಗಳು. ಡಿ.ಸಿ. ಎಂದರೆ ಆ ಒಟ್ಟಿನಲ್ಲಿ ಯಾವ ಜಾತಿಯ ಕಣ ಶೇಕಡ ಎಷ್ಟು ಎಂಬ ಲೆಕ್ಕ. ನ್ಯೂಟ್ರೋಫಿಲ್‌ನ ನಿಜವಾದ ಎಣಿಕೆ ಇವೆರಡನ್ನೂ ಗುಣಿಸಿದಾಗ ಮಾತ್ರ ಸಿಗುತ್ತದೆ. ಟಿ.ಸಿ. 8,000 ಇದ್ದು ನ್ಯೂಟ್ರೋಫಿಲ್ ಶೇಕಡ 35 ಇದ್ದರೆ ಎಣಿಕೆ 2,800. ಶೇಕಡಾವಾರು ತಗ್ಗಿನಲ್ಲಿ ಕಂಡರೂ ಎಣಿಕೆಯಲ್ಲಿ ಕೊರತೆಯಿಲ್ಲ. ಶೇಕಡಾವಾರನ್ನೇ ನೋಡಿ ಕಡಿಮೆ ಎಂದು ತೀರ್ಮಾನಿಸುವುದು ಪದೇಪದೇ ಆಗುವ ತಪ್ಪು, ಮತ್ತು ಅನಗತ್ಯ ಓಡಾಟದಲ್ಲಿ ಒಂದಷ್ಟು ಭಾಗ ಇಲ್ಲಿಂದಲೇ ಶುರುವಾಗುತ್ತದೆ.

ವಯಸ್ಕರಲ್ಲಿ ಎಣಿಕೆ 1,500ಕ್ಕಿಂತ ಕೆಳಗಿದ್ದರೆ ಅದನ್ನು ನ್ಯೂಟ್ರೋಪೀನಿಯಾ ಎಂದು ಕರೆಯುವುದು ವಾಡಿಕೆ. 1,000ದಿಂದ 1,500ರವರೆಗೆ ಸೌಮ್ಯ, 500ರಿಂದ 1,000ದವರೆಗೆ ಮಧ್ಯಮ, 500ಕ್ಕಿಂತ ಕೆಳಗೆ ತೀವ್ರ. ಸೋಂಕಿನ ನಿಜವಾದ ಅಪಾಯ ಏರುವುದು 500ರ ಕೆಳಗೆ. ಲ್ಯಾಬಿನ ವರದಿಗಳಲ್ಲಿ ಅಚ್ಚಾಗುವ ಕೆಳಮಿತಿ ಹೆಚ್ಚಾಗಿ 1,500 ಅಥವಾ 2,000. ಇಂಥ ಮಿತಿಗಳು ಬಹುಮಟ್ಟಿಗೆ ಯುರೋಪ್ ಮೂಲದ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ಶೇಕಡ 95 ಮಂದಿ ಎಲ್ಲಿಂದ ಎಲ್ಲಿಯವರೆಗೆ ಇದ್ದಾರೆ ಎಂದು ನೋಡಿ ಎಳೆದ ಗೆರೆಗಳು. ಅಂದಮೇಲೆ ಆರೋಗ್ಯವಂತ 40 ಮಂದಿಯಲ್ಲಿ ಒಬ್ಬರು ಆ ಗೆರೆಯ ಕೆಳಗೆ ಬೀಳುವುದು ಲೆಕ್ಕದಲ್ಲೇ ಅಡಗಿದೆ. ಗೆರೆ ಎಳೆದಾಗ ಲೆಕ್ಕಕ್ಕೇ ಸೇರದ ಜನಸಮುದಾಯವೊಂದರಲ್ಲಿ ಕೆಳಗೆ ಬೀಳುವವರ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಆಗ ಸರಿಹೋಗಬೇಕಾದದ್ದು ಗೆರೆ, ಮನುಷ್ಯನಲ್ಲ.

ಡಫಿ ರಕ್ತಗುಂಪು ಪತ್ತೆಯಾದದ್ದು 1950ರಲ್ಲಿ, ಇಂಗ್ಲೆಂಡಿನಲ್ಲಿ. ಹಿಮೋಫಿಲಿಯಾ ಇದ್ದ, ಹಲವು ಸಲ ರಕ್ತ ಪಡೆದಿದ್ದ ರೋಗಿಯೊಬ್ಬರ ರಕ್ತದಲ್ಲಿ ಹೊಸ ಬಗೆಯ ಪ್ರತಿಕಾಯ ಕಂಡುಬಂತು. ಆ ರೋಗಿಯ ಹೆಸರೇ ಗುಂಪಿಗೂ ಬಂತು. ಎ, ಬಿ, ಓ ಗುಂಪುಗಳಂತೆಯೇ ಇದೂ ಕೆಂಪು ರಕ್ತಕಣದ ಹೊರಮೈಯಲ್ಲಿರುವ ಗುರುತು. ಇದರಲ್ಲಿ ಎಫ್‌ವೈ-ಎ, ಎಫ್‌ವೈ-ಬಿ ಎಂಬ ಎರಡು ಮುಖ್ಯ ಬಗೆಗಳಿವೆ. ಐದು ವರ್ಷಗಳ ನಂತರ, 1955ರಲ್ಲಿ, ಅಮೆರಿಕದ ಆಫ್ರಿಕನ್ ಮೂಲದವರಲ್ಲಿ ಬಹಳಷ್ಟು ಮಂದಿಗೆ ಎರಡೂ ಇಲ್ಲ ಎಂಬುದು ಗೊತ್ತಾಯಿತು. ಅಂಥವರನ್ನು ಡಫಿ-ನಲ್ ಎಂದು ಕರೆಯುತ್ತಾರೆ. ಯಾವ ತೊಂದರೆಯೂ ಇಲ್ಲದೆ ಇಷ್ಟೊಂದು ಜನರಲ್ಲಿ ಒಂದು ಗುರುತು ಯಾಕೆ ಕಾಣೆಯಾಗಿದೆ ಎಂಬ ಪ್ರಶ್ನೆಗೆ ಉತ್ತರ ಮಲೇರಿಯಾ ಸಂಶೋಧನೆಯಿಂದ ಬಂತು. 1970ರ ದಶಕದಲ್ಲಿ ಲೂಯಿಸ್ ಮಿಲ್ಲರ್ ಮತ್ತು ಅವರ ಸಂಗಡಿಗರು ತೋರಿಸಿದಂತೆ, ಮಲೇರಿಯಾ ತರುವ ಪರೋಪಜೀವಿಗಳಲ್ಲಿ ಒಂದಾದ ವೈವ್ಯಾಕ್ಸ್ ಕೆಂಪು ಕಣದೊಳಗೆ ನುಗ್ಗುವುದು ಡಫಿ ಗುರುತನ್ನು ಹಿಡಿದುಕೊಂಡು. ಗುರುತಿಲ್ಲದವರ ಕಣದೊಳಕ್ಕೆ ಅದಕ್ಕೆ ಸುಲಭವಾಗಿ ಪ್ರವೇಶವಿಲ್ಲ. ಈ ರಕ್ಷಣೆ ಸಂಪೂರ್ಣವಲ್ಲ ಎಂಬುದು ಮಡಗಾಸ್ಕರ್‌ನ ರೋಗಿಗಳಿಂದ ನಂತರ ತಿಳಿಯಿತು. ಆದರೂ ಆಫ್ರಿಕಾದ ವಿಶಾಲ ಪ್ರದೇಶಗಳಲ್ಲಿ ತಲೆಮಾರುಗಳ ಕಾಲ ಡಫಿ-ನಲ್ ಬಗೆ ಉಳಿದು ಹರಡಲು ಇದೇ ಕಾರಣ ಎಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ.

ಮಂಡ್ಯ ಸೀಮೆಗೆ ಮಲೇರಿಯಾ ಅಪರಿಚಿತವಲ್ಲ. ಮೊದಲು ಇರ್ವಿನ್ ನಾಲೆ ಎಂದು ಹೆಸರಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹರಿದು, ಬೆದ್ದಲು ಭೂಮಿ ಗದ್ದೆಯಾಗಿ, ನಿಂತ ನೀರು ಹೆಚ್ಚಿದಾಗ ಚಳಿಜ್ವರವೂ ಜೊತೆಗೇ ಬಂತು. ಇಲ್ಲಿನ ಜನರ ಕೆಂಪು ಕಣಗಳಲ್ಲಿ ಡಫಿ ಗುರುತು ಇದೆ, ಆದ್ದರಿಂದ ವೈವ್ಯಾಕ್ಸ್‌ಗೆ ಬಾಗಿಲೂ ತೆರೆದೇ ಇತ್ತು. ದಕ್ಷಿಣ ಭಾರತದ ಬಹುಪಾಲು ಜನರಲ್ಲಿ ಡಫಿ-ನಲ್ ತೀರಾ ಅಪರೂಪ ಎಂಬ ಈ ಸಂಗತಿಯನ್ನು ನೆನಪಿಡಬೇಕು.

ಡಫಿ ಗುರುತಿಗೂ ಬಿಳಿ ರಕ್ತಕಣಕ್ಕೂ ಏನು ಸಂಬಂಧ ಎಂಬುದು ತಿಳಿದದ್ದು ತಡವಾಗಿ. ಆಫ್ರಿಕನ್ ಮೂಲದವರಲ್ಲಿ ಬಿಳಿ ಕಣಗಳ ಎಣಿಕೆ ಸರಾಸರಿಗಿಂತ ಕಡಿಮೆ ಎಂಬುದನ್ನು ವೈದ್ಯರು 20ನೇ ಶತಮಾನದ ಮಧ್ಯಭಾಗದಿಂದಲೂ ಗಮನಿಸುತ್ತ ಬಂದಿದ್ದರು. ಯೆಮೆನ್ ಮೂಲದ ಯಹೂದಿಗಳು, ಇಥಿಯೋಪಿಯಾದ ಯಹೂದಿಗಳು, ಬೆಡುಯಿನ್ನರು, ಅರಬ್ ದೇಶಗಳ ಕೆಲವು ಸಮುದಾಯಗಳಲ್ಲೂ ಇದೇ ಕಂಡಿತು. ಕಾರಣ ಗೊತ್ತಿಲ್ಲದ ಕಾಲದಲ್ಲಿ ಇದಕ್ಕೆ ಜನಾಂಗದ ಹೆಸರು ಸೇರಿಸಿ, ನಿರಪಾಯ ಜನಾಂಗೀಯ ನ್ಯೂಟ್ರೋಪೀನಿಯಾ ಎಂದು ಕರೆದರು. 2008 ಮತ್ತು 2009ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಈ ಕಡಿಮೆ ಎಣಿಕೆಯ ಜಾಡು ಹಿಡಿದು ಒಂದನೇ ವರ್ಣತಂತುವಿಗೆ, ಅಲ್ಲಿಂದ ಡಫಿ ಜೀನ್‌ಗೆ ಬಂದು ನಿಂತವು. ಆ ಜೀನ್‌ನ ಆರಂಭದ ಒಂದೇ ಒಂದು ಅಕ್ಷರದ ಬದಲಾವಣೆಯಿಂದ ಕೆಂಪು ಕಣಗಳನ್ನು ಹುಟ್ಟಿಸುವ ಕೋಶಗಳಲ್ಲಿ ಮಾತ್ರ ಡಫಿ ತಯಾರಾಗುವುದು ನಿಲ್ಲುತ್ತದೆ. ದೇಹದ ಬೇರೆಡೆ ಅದು ತಯಾರಾಗುತ್ತಲೇ ಇರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾದ ಪ್ರತಿ ಬಂದವರಲ್ಲಿ ಎಣಿಕೆ ಕಡಿಮೆ. ಚರ್ಮದ ಬಣ್ಣ, ಭಾಷೆ, ದೇಶ ಯಾವುದೇ ಇರಲಿ, ಎಣಿಕೆಯನ್ನು ನಿರ್ಧರಿಸುವುದು ಈ ಜೀನ್. ಆದ್ದರಿಂದ ಈಚಿನ ವರ್ಷಗಳಲ್ಲಿ ರಕ್ತಶಾಸ್ತ್ರಜ್ಞರು ಹಳೆಯ ಹೆಸರನ್ನು ಕೈಬಿಟ್ಟು, ಡಫಿ-ನಲ್ ಸಂಬಂಧಿತ ನ್ಯೂಟ್ರೋಫಿಲ್ ಎಣಿಕೆ ಎಂದು ಹೇಳತೊಡಗಿದ್ದಾರೆ. ಇದು ಬರಿಯ ಸೌಜನ್ಯದ ಬದಲಾವಣೆಯಲ್ಲ. ಪೀನಿಯಾ ಎಂದರೆ ಕೊರತೆ. ಇಲ್ಲಿ ಕೊರತೆಯೇ ಇಲ್ಲದ ಮೇಲೆ ರೋಗದ ಹೆಸರು ಏಕೆ ಎಂಬುದು ಅವರ ವಾದ, ಮತ್ತು ಅದು ಸರಿಯಾದ ವಾದ.

ಕೊರತೆ ಇಲ್ಲ ಎನ್ನುವುದಕ್ಕೆ ಆಧಾರವಿದೆ. ಡಫಿ-ನಲ್ ಇರುವವರ ಮಜ್ಜೆಯಲ್ಲಿ ನ್ಯೂಟ್ರೋಫಿಲ್‌ಗಳ ಹುಟ್ಟು, ಬೆಳವಣಿಗೆ ಎಲ್ಲ ಸರಿಯಾಗಿಯೇ ನಡೆಯುತ್ತವೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮಜ್ಜೆಯಲ್ಲಿ ಕೆಂಪು ಕಣಗಳ ಪೂರ್ವಜ ಕೋಶಗಳ ಮೇಲಿರುವ ಡಫಿ ಗುರುತು ರಕ್ತಕಣಗಳ ಹುಟ್ಟಿನ ಮೇಲೂ ಪ್ರಭಾವ ಬೀರುತ್ತದೆ ಎಂದು ತೋರಿಸಿತು. ಆ ಗುರುತಿಲ್ಲದಾಗ ಹುಟ್ಟುವ ನ್ಯೂಟ್ರೋಫಿಲ್‌ಗಳ ಸ್ವಭಾವ ಸ್ವಲ್ಪ ಬೇರೆ. ಅವು ರಕ್ತನಾಳವನ್ನು ಬಿಟ್ಟು ಬೇಗ ಅಂಗಾಂಶಗಳಿಗೆ ಹೊರಡುತ್ತವೆ. ನಾಲೆಯ ಒಂದು ತೂಬಿನ ಬಳಿ ಹರಿವು ಅಳೆದರೆ, ಆಗಲೇ ಗದ್ದೆ ಸೇರಿದ ನೀರಿನ ಲೆಕ್ಕ ಸಿಗುವುದಿಲ್ಲ. ತೋಳಿನ ರಕ್ತನಾಳದಿಂದ ತೆಗೆದ ರಕ್ತದ ಎಣಿಕೆಯೂ ಅಂಥದ್ದೇ. ಸೋಂಕು ತಗುಲಿದಾಗ ಡಫಿ-ನಲ್ ಇರುವವರಲ್ಲೂ ಎಣಿಕೆ ಏರುತ್ತದೆ. ಬೇರೆಯವರಿಗಿಂತ ಹೆಚ್ಚು ಬ್ಯಾಕ್ಟೀರಿಯಾ ಸೋಂಕು ಅವರನ್ನು ಕಾಡುವುದಿಲ್ಲ. ನಿರಪಾಯ ಎಂಬ ಮಾತು ನಿಂತಿರುವುದು ಇದರ ಮೇಲೆ.

ಎಷ್ಟು ಕಡಿಮೆ ಎಂಬುದಕ್ಕೂ ಒಂದು ಅಳತೆ ಸಿಕ್ಕಿದೆ. ಅಮೆರಿಕದ ಬಾಸ್ಟನ್‌ನಲ್ಲಿ ಆಫ್ರಿಕನ್ ಮೂಲದ ಆರೋಗ್ಯವಂತ ವಯಸ್ಕರನ್ನು ಡಫಿ ಗುಂಪಿನ ಪ್ರಕಾರ ಬೇರ್ಪಡಿಸಿ ಎಣಿಸಿದಾಗ, ಡಫಿ-ನಲ್ ಇರುವವರ ಮಧ್ಯದ ಎಣಿಕೆ 2,820ರ ಆಸುಪಾಸು, ಡಫಿ ಇರುವವರದು 5,000ದ ಆಸುಪಾಸು ಬಂತು. ಡಫಿ-ನಲ್ ಇರುವವರಿಗೆ ಸಹಜ ವ್ಯಾಪ್ತಿ 1,210ರಿಂದ 5,390 ಎಂದು ಈ ಅಧ್ಯಯನ 2023ರಲ್ಲಿ ಸೂಚಿಸಿತು. ಇಲ್ಲಿ ಗಮನಿಸಬೇಕಾದ ಅಂಶವಿದೆ: ವ್ಯತ್ಯಾಸ ಕಂಡದ್ದು ಒಂದೇ ಮೂಲದ ಜನರ ನಡುವೆಯೇ. ಹಾಗಾಗಿ ಆಫ್ರಿಕನ್ ಮೂಲದವರೆಂಬ ಒಂದೇ ಕಾರಣಕ್ಕೆ ಕಡಿಮೆ ಎಣಿಕೆಯನ್ನು ಸಹಜವೆಂದು ತಳ್ಳಿಹಾಕುವುದೂ ತಪ್ಪು. ಡಫಿ ಗುಂಪನ್ನು ಕೇಳಿ ತಿಳಿಯಬೇಕು.

ಕರ್ನಾಟಕದಲ್ಲಿ ಈ ವಿಷಯ ನೇರವಾಗಿ ತಟ್ಟುವುದು ಸಿದ್ದಿ ಸಮುದಾಯಕ್ಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದ ಗುಲಾಮರ ಸಾಗಣೆಗೂ ಅವರ ಚರಿತ್ರೆಗೂ ನಂಟಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಅವರಲ್ಲಿ ಆಫ್ರಿಕನ್ ಮೂಲದ ಪಾಲು ದೊಡ್ಡದೆಂದೂ, ಅದರ ಜೊತೆ ಭಾರತದ ನೆರೆಹೊರೆಯ ಸಮುದಾಯಗಳ ಪಾಲು ಬೆರೆತಿದೆಯೆಂದೂ ತೋರಿಸಿದವು. ಹೀಗೆ ಬೆರೆತ ಸಮುದಾಯದಲ್ಲಿ ಡಫಿ-ನಲ್ ಎಲ್ಲರಿಗೂ ಇರುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಬದಲಾದ ಜೀನ್‌ನ ತಲಾ ಒಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಡಫಿ-ನಲ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆಯಲ್ಲಿ ಅಣ್ಣನ ಎಣಿಕೆ 1,300, ತಂಗಿಯದು 4,000 ಇದ್ದರೆ ಆಶ್ಚರ್ಯಪಡಬೇಕಿಲ್ಲ. ಸಿದ್ದಿ ಯುವಕ ಯುವತಿಯರು ಕೂಲಿಗೆ, ಕಾರ್ಖಾನೆ ಕೆಲಸಕ್ಕೆ, ಓದಿಗೆ, ಕ್ರೀಡೆಗೆ ರಾಜ್ಯದ ಎಲ್ಲೆಡೆ ಹೋಗುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಫ್ರಿಕಾ ಮತ್ತು ಯೆಮೆನ್‌ನಿಂದ ಬರುವ ವಿದ್ಯಾರ್ಥಿಗಳೂ ಇದ್ದಾರೆ. ಹಾಗಾಗಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಮದ್ದೂರಿನ ಅಥವಾ ಮಂಡ್ಯದ ಒಬ್ಬ ವೈದ್ಯರ ಮುಂದೆ ಇಂಥ ವರದಿ ಎಂದಾದರೂ ಬಂದೇ ಬರುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕೊನೆಯವರೆಗೆ ನೋಡಬಹುದು. ಮದ್ದೂರು ಬಳಿಯ ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಸೇರಿದ, ಯಲ್ಲಾಪುರ ಕಡೆಯ 24 ವರ್ಷದ ಸಿದ್ದಿ ಯುವಕ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 14.1, ಪ್ಲೇಟ್‌ಲೆಟ್ 2,30,000, ಬಿಳಿ ಕಣ 3,600. ಡಿ.ಸಿ.ಯಲ್ಲಿ ನ್ಯೂಟ್ರೋಫಿಲ್ ಶೇಕಡ 34, ಲಿಂಫೋಸೈಟ್ 54, ಮಾನೋಸೈಟ್ 8, ಇಯೋಸಿನೋಫಿಲ್ 4. ಗುಣಿಸಿದರೆ ನ್ಯೂಟ್ರೋಫಿಲ್ 1,224. ವರದಿಯಲ್ಲಿ ಎರಡು ಕಡೆ ಕಡಿಮೆ ಎಂಬ ಗುರುತು.

ಮೊದಲು ಕೇಳಬೇಕಾದದ್ದು ಈ 1,224ನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು. ಡಿ.ಸಿ.ಯನ್ನು ಸ್ಲೈಡ್ ಮೇಲೆ ಕಣ್ಣಿನಿಂದ 100 ಕಣ ಎಣಿಸಿ ಮಾಡಿದ್ದರೆ, 34 ಎಂಬ ಉತ್ತರದ ಹಿಂದೆ ನಿಜವಾದ ಶೇಕಡಾವಾರು 25ರಿಂದ 43ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಎಣಿಕೆ 900ರಿಂದ 1,550ರ ನಡುವೆ. ಒಂದೇ ರಕ್ತವನ್ನು ಇಬ್ಬರು ಎಣಿಸಿದರೆ ಒಬ್ಬರಿಗೆ ಸಹಜ, ಇನ್ನೊಬ್ಬರಿಗೆ ಮಧ್ಯಮ ಕೊರತೆ ಎಂದು ಬರಲು ಇಷ್ಟೇ ಸಾಕು. ಯಂತ್ರ ಸಾವಿರಾರು ಕಣಗಳನ್ನು ಎಣಿಸುವುದರಿಂದ ಈ ಏರುಪೇರು ಅಲ್ಲಿ ಕಡಿಮೆ. ಆದರೆ ಸಣ್ಣ ಊರುಗಳಲ್ಲಿ ಹೆಚ್ಚಾಗಿ ಕಾಣುವ ಮೂರು ವಿಭಾಗದ ಯಂತ್ರಗಳು ನ್ಯೂಟ್ರೋಫಿಲ್‌ಗಳನ್ನು ಪ್ರತ್ಯೇಕವಾಗಿ ಎಣಿಸುವುದಿಲ್ಲ, ಗ್ರ್ಯಾನ್ಯುಲೋಸೈಟ್ ಎಂದು ಒಟ್ಟಾಗಿ ಕೊಡುತ್ತವೆ. ಐದು ವಿಭಾಗದ ಯಂತ್ರದ ಉತ್ತರ ಹೆಚ್ಚು ಖಚಿತ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಬಹಳ ಹೊತ್ತು ಕಾದರೆ ನ್ಯೂಟ್ರೋಫಿಲ್‌ಗಳು ಹಾಳಾಗುತ್ತವೆ, ಕೆಲವೊಮ್ಮೆ ಗೊಂಚಲಾಗಿ ಅಂಟಿಕೊಂಡು ಎಣಿಕೆ ತಪ್ಪುತ್ತದೆ. ಬೆಳಗಿನ ಹೊತ್ತು ಎಣಿಕೆ ತುಸು ಕಡಿಮೆ, ಮಧ್ಯಾಹ್ನದ ಮೇಲೆ ಹೆಚ್ಚು. ಓಡಿ ಬಂದು ಕುಳಿತವರಲ್ಲಿ ಇನ್ನೂ ಹೆಚ್ಚು. ಇವನ್ನೆಲ್ಲ ತಿಳಿದವರು ಒಂದು ವರದಿಯನ್ನು ಹಿಡಿದು ತೀರ್ಪು ಕೊಡುವುದಿಲ್ಲ.

ಎರಡನೆಯದು ಆ ಯುವಕನನ್ನೇ ವಿಚಾರಿಸುವುದು, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹೋಗಬೇಕಾದದ್ದು ಇಲ್ಲಿಯೇ. ಕಳೆದ ಎರಡು ಮೂರು ವಾರಗಳಲ್ಲಿ ಜ್ವರ ಬಂದಿತ್ತೇ? ಡೆಂಗ್ಯೂ ಜ್ವರದಲ್ಲಿ ಬಿಳಿ ಕಣ ಇಳಿಯುವುದು ಮಳೆಗಾಲದಲ್ಲಿ ಇಲ್ಲಿನ ಎಲ್ಲ ವೈದ್ಯರೂ ನೋಡಿರುವ ಸಂಗತಿ. ಬೇರೆ ವೈರಸ್ ಜ್ವರಗಳಲ್ಲೂ ಟೈಫಾಯಿಡ್‌ನಲ್ಲೂ ಹಾಗಾಗುತ್ತದೆ, ಗುಣವಾದ ಮೇಲೆ ಮೇಲೇರುತ್ತದೆ. ಯಾವುದಾದರೂ ಮಾತ್ರೆ, ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದಾನೆಯೇ? ಬಾಲ್ಯದಲ್ಲಿ ಆಸ್ಪತ್ರೆಗೆ ಸೇರಿಸುವಂಥ ನ್ಯುಮೋನಿಯಾ, ಮತ್ತೆ ಮತ್ತೆ ಚರ್ಮದ ಕುರು, ಬಾಯಿಹುಣ್ಣು, ಒಸಡಿನ ಊತ ಇದ್ದವೇ? ತೂಕ ಇಳಿದಿದೆಯೇ? ಬಾಯಿ ತೆರೆಸಿ ಒಸಡು ನೋಡಬೇಕು, ಕುತ್ತಿಗೆ ಮತ್ತು ಕಂಕುಳಲ್ಲಿ ಗಂಟುಗಳಿವೆಯೇ, ಗುಲ್ಮ ದೊಡ್ಡದಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಹಳೆಯ ರಕ್ತಪರೀಕ್ಷೆಯ ಚೀಟಿ ಮನೆಯಲ್ಲಿದ್ದರೆ ತರಿಸಬೇಕು. ಐದು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಮಾಡಿಸಿದ ಟಿ.ಸಿ.ಯೂ 3,800 ಇತ್ತು ಎಂದಾದರೆ ಅಂಥ ಒಂದು ಚೀಟಿಗೆ ಅನೇಕ ದುಬಾರಿ ಪರೀಕ್ಷೆಗಳಿಗಿಂತ ಬೆಲೆ ಹೆಚ್ಚು.

ಈ ಯುವಕನಿಗೆ ಯಾವ ತೊಂದರೆಯೂ ಇಲ್ಲ ಎಂದಿಟ್ಟುಕೊಂಡರೆ, ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಸಿ.ಬಿ.ಸಿ., ಜೊತೆಗೆ ರಕ್ತದ ಸ್ಮಿಯರ್ ಮಾಡಿಸಿ ಪೆಥಾಲಜಿಸ್ಟ್‌ಗೆ ತೋರಿಸಿದರೆ ಸಾಕು. ಸ್ಮಿಯರ್‌ನಲ್ಲಿ ಕಣಗಳ ಆಕಾರ ಸರಿಯಿದ್ದು, ಅಪಕ್ವ ಕಣಗಳಿಲ್ಲದೆ, ಎಣಿಕೆ ಮತ್ತೆ 1,200 ಅಥವಾ 1,400ರ ಹತ್ತಿರ ಬಂದರೆ ಉಳಿಯುವುದು ಡಫಿ ಗುಂಪಿನ ಪರೀಕ್ಷೆ. ಇದಕ್ಕೆ ವಿಶೇಷ ಯಂತ್ರ ಬೇಡ. ಎ, ಬಿ, ಓ ಗುಂಪು ನೋಡುವಂತೆಯೇ ಕೆಂಪು ಕಣಗಳಿಗೆ ಎಫ್‌ವೈ-ಎ ಮತ್ತು ಎಫ್‌ವೈ-ಬಿ ಪ್ರತಿಕಾಯಗಳನ್ನು ಬೆರೆಸಿ ನೋಡುವುದು. ಆ ಪ್ರತಿಕಾಯಗಳು ಎಲ್ಲ ರಕ್ತನಿಧಿಗಳಲ್ಲೂ ಇರುವುದಿಲ್ಲ. ಥಲಸ್ಸೀಮಿಯಾ ರೋಗಿಗಳಂಥ ಪದೇಪದೇ ರಕ್ತ ಪಡೆಯುವವರಿಗಾಗಿ ವಿಸ್ತೃತ ಗುಂಪು ಪರೀಕ್ಷೆ ನಡೆಸುವ ದೊಡ್ಡ ರಕ್ತನಿಧಿಗಳಲ್ಲಿ ಇರುತ್ತವೆ. ರಕ್ತದ ಮಾದರಿಯನ್ನು ಅಲ್ಲಿಗೆ ಕಳಿಸಬಹುದು. ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಮಾತ್ರ ಫಲಿತಾಂಶ ತಪ್ಪಬಹುದು, ದಾನಿಯ ಕಣಗಳು ಬೆರೆತಿರುತ್ತವೆ. ಎರಡೂ ನೆಗೆಟಿವ್ ಎಂದು ಬಂದರೆ ಕಾರಣ ಸಿಕ್ಕಿತು. ವಿಚಾರಣೆ ಅಲ್ಲಿಗೆ ಮುಗಿಯಬೇಕು.

ಮುಗಿಯದೆ ಮುಂದುವರಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಮಜ್ಜೆಯ ಪರೀಕ್ಷೆ. ರೋಗಿಯನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ, ಸೊಂಟದ ಮೂಳೆಯ ಹಿಂಭಾಗಕ್ಕೆ ಮರಗಟ್ಟಿಸುವ ಔಷಧಿ ಕೊಟ್ಟು, ದಪ್ಪ ಸೂಜಿಯನ್ನು ಮೂಳೆಯೊಳಕ್ಕೆ ತಿರುಗಿಸಿ ಇಳಿಸಿ, ಮಜ್ಜೆಯನ್ನು ಎಳೆಯುತ್ತಾರೆ. ಮರಗಟ್ಟಿಸಿದರೂ ಎಳೆಯುವ ಕ್ಷಣದ ನೋವು ತಪ್ಪುವುದಿಲ್ಲ. ರಕ್ತದ ಕ್ಯಾನ್ಸರ್ ಅನುಮಾನವಿದ್ದಾಗ ಇದು ಅನಿವಾರ್ಯ ಮತ್ತು ಅಮೂಲ್ಯ. ಡಫಿ-ನಲ್ ಇರುವವರಲ್ಲಿ ಸಿಗುವ ಉತ್ತರ ಮಾತ್ರ ಒಂದೇ: ಮಜ್ಜೆ ಸಹಜವಾಗಿದೆ. ಅದು ಮೊದಲೇ ಗೊತ್ತಿದ್ದ ಉತ್ತರ. ಅದರ ಜೊತೆ ಫ್ಲೋ ಸೈಟೋಮೆಟ್ರಿ, ಸ್ವಪ್ರತಿರೋಧ ಕಾಯಿಲೆಗಳ ಪ್ರತಿಕಾಯ ಪರೀಕ್ಷೆಗಳು, ವಂಶವಾಹಿ ಪರೀಕ್ಷೆಗಳ ಕಂತೆ ಸೇರಿದರೆ ಕೂಲಿಯ ಕುಟುಂಬವೊಂದರ ತಿಂಗಳ ಸಂಪಾದನೆ ಕರಗುತ್ತದೆ. ಪರೀಕ್ಷೆಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೂ ಒಂದರಲ್ಲಿ ಅರ್ಥವಿಲ್ಲದ ಸಣ್ಣ ಏರುಪೇರು ಕಾಣಿಸಿ, ಅದನ್ನು ಬೆನ್ನಟ್ಟುವ ಇನ್ನೊಂದು ಸುತ್ತು ಶುರುವಾಗುತ್ತದೆ. ಎಣಿಕೆ ಏರಿಸಲು ಫಿಲ್‌ಗ್ರಾಸ್ಟಿಂ ಚುಚ್ಚುಮದ್ದು ಕೊಟ್ಟರೆ ಅಂಕಿ ಏರುತ್ತದೆ, ನಿಲ್ಲಿಸಿದೊಡನೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಆ ವ್ಯಕ್ತಿಗೆ ಪ್ರಯೋಜನವಿಲ್ಲ. ಸೋಂಕು ತಡೆಯಲೆಂದು ಆಂಟಿಬಯೋಟಿಕ್ ಕೊಡುವುದಕ್ಕಂತೂ ಆಧಾರವೇ ಇಲ್ಲ. ಹಣ, ನೋವಿಗಿಂತ ಹೆಚ್ಚಾಗಿ, ರಕ್ತದಲ್ಲಿ ದೋಷವಿದೆ ಎಂಬ ಮಾತು ಕಡತದಲ್ಲಿ ಉಳಿದು ಕೆಲಸಕ್ಕೂ ಮದುವೆಯ ಮಾತುಕತೆಗೂ ಅಡ್ಡ ಬರುವುದು ದೊಡ್ಡ ಅನ್ಯಾಯ.

ಇದೇ ಮಾತನ್ನು ಮಂಡ್ಯ ಸೀಮೆಯ ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಇಲ್ಲಿನ ಬಹುಪಾಲು ಜನರಲ್ಲಿ ಡಫಿ ಗುರುತು ಇರುವುದರಿಂದ, ಮಳವಳ್ಳಿಯ ರೈತರೊಬ್ಬರ ಎಣಿಕೆ 1,200 ಬಂದರೆ ಡಫಿಯ ವಿವರಣೆ ಅವರಿಗೆ ಸಿಗುವುದು ಕಷ್ಟ. ಜ್ವರದ ನಂತರದ ಇಳಿಕೆಯೋ, ಬಿ-12 ಕೊರತೆಯೋ, ಔಷಧಿಯ ಪರಿಣಾಮವೋ, ಎಚ್‌ಐವಿಯೋ, ಲೂಪಸ್‌ನಂಥ ಕಾಯಿಲೆಯೋ ಎಂದು ನೋಡಬೇಕಾಗುತ್ತದೆ. ಆದರೂ ಕ್ರಮ ಅದೇ: ವಿಚಾರಿಸಿ, ಪರೀಕ್ಷಿಸಿ, ಕೆಲವು ವಾರ ಬಿಟ್ಟು ಮತ್ತೆ ಎಣಿಸುವುದು. ಬಹಳ ಮಂದಿಯಲ್ಲಿ ಎರಡನೇ ಎಣಿಕೆ ತಾನಾಗಿ ಸರಿಹೋಗುತ್ತದೆ. ಇನ್ನು ಕೆಲವರಲ್ಲಿ ವರ್ಷಗಳ ಕಾಲ 1,300, 1,400ರಲ್ಲೇ ನಿಂತಿರುತ್ತದೆ, ಬೇರೆ ಏನೂ ಕಾಣುವುದಿಲ್ಲ. ಮೊದಲೇ ಹೇಳಿದ 40ರಲ್ಲಿ ಒಬ್ಬರು ಅವರು ಎಂದು ತಿಳಿದು, ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದರೆ ಸಾಕು.

ಯಾವಾಗ ತಡಮಾಡಬಾರದು ಎಂಬುದಕ್ಕೆ ಇನ್ನೊಂದು ಚಿತ್ರ. ಥೈರಾಯ್ಡ್ ಹೆಚ್ಚಾಗಿದೆ ಎಂದು ಕಾರ್ಬಿಮಜೋಲ್ ಮಾತ್ರೆ ಶುರುಮಾಡಿ ಎರಡು ತಿಂಗಳಾದ ಮಹಿಳೆ ಗಂಟಲುನೋವು, 102 ಡಿಗ್ರಿ ಜ್ವರದೊಂದಿಗೆ ಬರುತ್ತಾರೆ, ಎಣಿಕೆ 300. ಇಲ್ಲಿ ಮರುಪರೀಕ್ಷೆಗೆ ಮೂರು ವಾರ ಕಾಯುವ ಮಾತೇ ಇಲ್ಲ. ಆ ಕ್ಷಣವೇ ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಸೇರಿಸಿ, ನರದ ಮೂಲಕ ಆಂಟಿಬಯೋಟಿಕ್ ಶುರುಮಾಡಬೇಕು. ಎಣಿಕೆ 500ಕ್ಕಿಂತ ಕಡಿಮೆಯಿದ್ದು ಜ್ವರವಿರುವ ಯಾರಿಗಾದರೂ, ಡಫಿ ಗುಂಪು ಯಾವುದೇ ಇರಲಿ, ಇದೇ ನಿಯಮ. ಸಿದ್ದಿ ಯುವಕನಲ್ಲೂ ಎಣಿಕೆ ಮತ್ತೆ ಮತ್ತೆ 1,000ಕ್ಕಿಂತ ಕೆಳಗೆ ಬಂದರೆ, ಜೊತೆಗೆ ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಕೂಡ ಇಳಿದರೆ, ಗುಲ್ಮ ಕೈಗೆ ಸಿಕ್ಕರೆ, ಮೂರು ವಾರಕ್ಕೊಮ್ಮೆ ಲೆಕ್ಕವಿಟ್ಟಂತೆ ಬಾಯಿಹುಣ್ಣು ಮತ್ತು ಜ್ವರ ಬರುತ್ತಿದ್ದರೆ, ಡಫಿ-ನಲ್ ಎಂಬ ಉತ್ತರಕ್ಕೆ ಒರಗಿ ಕೂರುವಂತಿಲ್ಲ. ಆ ಲಕ್ಷಣಗಳಿಗೆ ಬೇರೆ ಕಾರಣ ಹುಡುಕಬೇಕು, ಆಗ ಮಜ್ಜೆಯ ಪರೀಕ್ಷೆಯೂ ಸರಿಯೇ.

ಡಫಿ-ನಲ್ ಎಂಬ ಮಾಹಿತಿ ಮುಂದೆ ಅತ್ಯಂತ ಉಪಯೋಗಕ್ಕೆ ಬರುವುದು ಎರಡು ಚಿಕಿತ್ಸೆಗಳಲ್ಲಿ. ಒಂದು, ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್. ಇದು ಅಪರೂಪಕ್ಕೆ ನ್ಯೂಟ್ರೋಫಿಲ್‌ಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ, ಶುರುವಿನ ತಿಂಗಳುಗಳಲ್ಲಿ ವಾರವಾರವೂ ರಕ್ತ ಎಣಿಸುತ್ತಾರೆ. ಎಣಿಕೆ 1,500 ಇದ್ದರೆ ಮಾತ್ರ ಶುರುಮಾಡಬೇಕು ಎಂಬ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಹಾಕಿದರೆ ಡಫಿ-ನಲ್ ಇರುವ ಕೆಲವು ರೋಗಿಗಳಿಗೆ ಆ ಔಷಧಿ ಸಿಗುವುದೇ ಇಲ್ಲ, ಸಿಕ್ಕರೂ ಮಧ್ಯದಲ್ಲಿ ನಿಂತುಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಇಂಥವರಿಗೆ ಪ್ರತ್ಯೇಕ ಮಿತಿ ಗೊತ್ತುಮಾಡಿ, 1,000ದಲ್ಲಿ ಶುರುಮಾಡಬಹುದು, 500ರ ಕೆಳಗೆ ಹೋದರೆ ನಿಲ್ಲಿಸಬೇಕು ಎಂದಿತು. ಇನ್ನೊಂದು, ಕ್ಯಾನ್ಸರ್‌ಗೆ ಕೊಡುವ ಕೀಮೋಥೆರಪಿ. ಪ್ರತಿ ಸುತ್ತಿಗೂ ಮುನ್ನ ಎಣಿಕೆ 1,500 ಇದೆಯೇ ಎಂದು ನೋಡುವುದು ಬಹಳ ಔಷಧಿಗಳಲ್ಲಿ ರೂಢಿ. ಚಿಕಿತ್ಸೆಗೆ ಮೊದಲೇ 1,300 ಇದ್ದವರ ಎಣಿಕೆ ಆ ಮಿತಿಯನ್ನು ಮುಟ್ಟುವುದು ಕಷ್ಟ. ಸುತ್ತು ಮುಂದೆ ಹೋಗುತ್ತದೆ, ಪ್ರಮಾಣ ಕಡಿಮೆಯಾಗುತ್ತದೆ, ಗುಣವಾಗಬಹುದಾದ ಕಾಯಿಲೆಗೆ ಅರೆಚಿಕಿತ್ಸೆ ಸಿಗುತ್ತದೆ. ಇಲ್ಲದ ರೋಗಕ್ಕೆ ಹೆದರಿ ಇರುವ ರೋಗದ ಚಿಕಿತ್ಸೆಯನ್ನು ಕುಗ್ಗಿಸಿದಂತಾಗುತ್ತದೆ.

ಹಾಗಾಗಿ ಡಫಿ ಪರೀಕ್ಷೆ ಮುಗಿದ ದಿನವೇ ಫಲಿತಾಂಶವನ್ನು, ಆರೋಗ್ಯವಾಗಿದ್ದಾಗಿನ ಎರಡು ಮೂರು ಎಣಿಕೆಗಳನ್ನು ಮತ್ತು ಅವುಗಳ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು, ಇದು ರೋಗವಲ್ಲ ಎಂದು ಕನ್ನಡದಲ್ಲೇ ಸೇರಿಸಿ, ಆ ವ್ಯಕ್ತಿಯ ಕೈಗೆ ಕೊಡಬೇಕು. ಮುಂದೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೂ ಹೋಲಿಸಬೇಕಾದದ್ದು ವರದಿಯ ಅಂಚಿನಲ್ಲಿ ಅಚ್ಚಾದ ಮಿತಿಯ ಜೊತೆಗಲ್ಲ, ಆ ಚೀಟಿಯಲ್ಲಿರುವ ಎಣಿಕೆಯ ಜೊತೆಗೆ. ಸದಾ 1,300 ಇದ್ದವರಲ್ಲಿ 1,200 ಬಂದರೆ ಏನೂ ಆಗಿಲ್ಲ. 600 ಬಂದರೆ ಹೊಸದಾಗಿ ಏನೋ ಆಗಿದೆ, ಅದನ್ನು ಹುಡುಕಬೇಕು.